ಹವ್ಯಾಸಿ ತಂಡ ಸೇರುತ್ತಿದ್ದೇನೆ, ನಟನೆಗೆ ಯಾವ ಪುಸ್ತಕ ಓದಲಿ?

ಪ್ರಶ್ನೆ: ನಮ್ಮೂರಿನ ಹವ್ಯಾಸಿ ತಂಡ ಕಾರ್ನಾಡರ 'ತುಘಲಕ್' ಆಡಿಸುತ್ತಿದೆ. ನನಗೆ ಸುಲ್ತಾನನ ಮಲತಾಯಿಯ ಪಾತ್ರ. ಇದುವರೆಗೆ ರಂಗ ಹತ್ತಿದ್ದೇ ಇಲ್ಲ. ಯಾವ ಪುಸ್ತಕದಿಂದ ಶುರು ಮಾಡಲಿ?

ನಾಟಕ ನಿರ್ದೇಶಕಿ: ಮೊದಲ ಪುಸ್ತಕ 'ತುಘಲಕ್' ನಾಟಕವೇ. ನಿಮ್ಮ ಮಾತುಗಳಿಗೆ ಮಾತ್ರ ಗೆರೆ ಎಳೆದು ಬಿಡಬೇಡಿ, ಪೂರ್ತಿ ಓದಿ. ಎರಡನೇ ದೃಶ್ಯದಲ್ಲಿ ಆಕೆ ಮಗನಿಗೆ ನಿದ್ದೆ ಇಲ್ಲ ಅಂತ ಚಿಂತೆ ಮಾಡುವ ತಾಯಿ. ಮುಂದೆ ಮಗನ ಆಪ್ತ ಸಲಹೆಗಾರ ನಜೀಬನನ್ನು ಕೊಲ್ಲಿಸುವವಳೂ ಆಕೆಯೇ. ಇದು ಗೊತ್ತಿದ್ದರೆ ಆಸ್ಥಾನದ ಇತಿಹಾಸಕಾರ ಬರನಿಯ ಹತ್ತಿರ 'ಮಗನನ್ನು ಬಿಟ್ಟು ಹೋಗಬೇಡ' ಅಂತ ಮಾತು ತೆಗೆದುಕೊಳ್ಳುವ ಜಾಗ ಬೇರೆಯೇ ಆಗುತ್ತದೆ. ಆಕೆ ಬರೀ ಗೋಳಾಡುತ್ತಿಲ್ಲ, ಮಗನ ಸುತ್ತ ತನ್ನವರನ್ನು ನಿಲ್ಲಿಸುತ್ತಿದ್ದಾಳೆ.

ಆಮೇಲೆ ರಷ್ಯದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ 'ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್'. ನಟನೆ ಕಲಿಯುವ ಹುಡುಗನೊಬ್ಬನ ದಿನಚರಿಯ ರೂಪದಲ್ಲಿದೆ, ಹಾಗಾಗಿ ಓದಲು ಕಷ್ಟವಿಲ್ಲ. ಅದರಲ್ಲಿ ಒಬ್ಬ ಹುಡುಗಿ ಪರದೆಗೆ ಸಿಕ್ಕಿಸಿದ ಪಿನ್ನು ಹುಡುಕಬೇಕು. ಮೊದಲ ಸಲ ಎದೆ ಹಿಡಿದುಕೊಂಡು, ಅತ್ತಿಂದಿತ್ತ ಓಡಿ ಭಾರೀ ಸಂಕಟ ತೋರಿಸುತ್ತಾಳೆ. 'ಪಿನ್ನು ಎಲ್ಲಿ?' ಅಂದರೆ ಮರೆತೇ ಹೋಗಿರುತ್ತದೆ. ಸಿಗದಿದ್ದರೆ ಶಾಲೆ ಬಿಡಬೇಕು ಅಂದಾಗ ಪರದೆಯ ಒಂದೊಂದು ಮಡಿಕೆಯನ್ನೂ ನಿಜವಾಗಿ ಹುಡುಕುತ್ತಾಳೆ. ನೋಡುವವರಿಗೆ ಹಿಡಿಸುವುದು ಈ ಎರಡನೇ ಸಲ. ನಿಮ್ಮ ಪಾತ್ರಕ್ಕೂ ಇದನ್ನೇ ಕೇಳಿಕೊಳ್ಳಿ: ಈ ಕ್ಷಣ ಆಕೆಗೆ ಎದುರಿನವನಿಂದ ಏನು ಬೇಕು?

ಒಬ್ಬ ಸದಸ್ಯರು: ಅಷ್ಟೆಲ್ಲ ಯಾಕೆ? ನಿಮ್ಮದೇ ಹಳೇ ದುಃಖ ನೆನಪು ಮಾಡಿಕೊಳ್ಳಿ, ಕಣ್ಣೀರು ತಾನಾಗಿ ಬರುತ್ತೆ. ಆ ಪುಸ್ತಕದಲ್ಲೂ ಇರೋದು ಅದೇ ಅಲ್ವಾ?

ನಾಟಕ ನಿರ್ದೇಶಕಿ: ಇದೆ, ಒಂದು ಅಧ್ಯಾಯವೇ ಇದೆ. ಆದರೆ ಕೊನೆಯ ವರ್ಷಗಳಲ್ಲಿ ಸ್ತಾನಿಸ್ಲಾವ್‌ಸ್ಕಿಯವರೇ ಪಾತ್ರ ಏನು ಮಾಡುತ್ತದೆ ಅನ್ನುವುದರ ಕಡೆ ಹೆಚ್ಚು ವಾಲಿದರು. ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ಆ ಪುಸ್ತಕ ಬಂದಿದ್ದು 1936ರಲ್ಲಿ. ದನಿ, ಮಾತು, ಮೈಯ ಬಗ್ಗೆ ಹೇಳುವ ಅವರದೇ 'ಬಿಲ್ಡಿಂಗ್ ಎ ಕ್ಯಾರೆಕ್ಟರ್' ಬಂದಿದ್ದು 1949ರಲ್ಲಿ. ಮೊದಲನೆಯದನ್ನಷ್ಟೇ ಓದಿದವರು ಒಳಗೊಳಗೇ ಅಳುತ್ತಾರೆ, ಮಾತು ಮೂರನೇ ಸಾಲಿಗೂ ಕೇಳುವುದಿಲ್ಲ. ತಾಲೀಮಿನಲ್ಲಿ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ನೋಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಉಸಿರು ಮುಗಿಯುವುದೂ ಅಲ್ಲೇ. 'ಬಿಟ್ಟು ಹೋಗಬೇಡ'ದ 'ಬೇಡ' ಕೇಳದಿದ್ದರೆ ಅರ್ಥವೇ ತಿರುಗಿಹೋಗುತ್ತದೆ.

ಇನ್ನೊಬ್ಬರು: ನನ್ನ ಮಗ ಮೂರನೇ ಕ್ಲಾಸು. ಸ್ಕೂಲ್ ಡೇ ನಾಟಕಕ್ಕೆ ಅವನಿಗೂ ಇದನ್ನೇ ಓದಿಸಲಾ ಮೇಡಂ?

ನಾಟಕ ನಿರ್ದೇಶಕಿ: ಬೇಡ, ಇದು ದೊಡ್ಡವರಿಗೆ. ಅವನಿಗೆ ಪುಸ್ತಕವೇ ಬೇಕಿಲ್ಲ, ಆಟ ಆಡಿಸಿ.

ಪ್ರಶ್ನೆ ಕೇಳಿದವರು: ಮೊದಲ ತಾಲೀಮಿಗೆ ಮಾತು ಬಾಯಿಪಾಠ ಮಾಡಿಕೊಂಡೇ ಹೋಗಲಾ?

ನಾಟಕ ನಿರ್ದೇಶಕಿ: ನಾನು ಬೇಡ ಅನ್ನುತ್ತೇನೆ. ಒಬ್ಬರೇ ಕೂತು ಉರು ಹೊಡೆದರೆ ಮಾತಿಗೆ ಒಂದು ರಾಗ ಕೂತುಬಿಡುತ್ತದೆ, ಎದುರಿನವರು ಹೇಗೆ ಹೇಳಿದರೂ ಅದು ಬದಲಾಗುವುದಿಲ್ಲ.

ಮೊದಲಿನ ಸದಸ್ಯರು: ನಮ್ಮ ತಂಡದಲ್ಲಿ ಪುಸ್ತಕ ಕೈಯಲ್ಲಿದ್ದರೆ ಒಳಗೇ ಬಿಡಲ್ಲ.

ನಾಟಕ ನಿರ್ದೇಶಕಿ: ಹಾಗೆ ಕೆಲಸ ಮಾಡಿಸುವವರೂ ಇದ್ದಾರೆ. ನಿಮ್ಮ ನಿರ್ದೇಶಕರನ್ನು ಇವತ್ತೇ ಕೇಳಿಬಿಡಿ.