ಬಳಸಿ ಬಿಟ್ಟ ವೇಪ್ ತಾನಾಗಿಯೇ ಬಿಸಿಯಾಗುತ್ತಿದೆ: ಮನೆಯಲ್ಲಿ ಇಟ್ಟುಕೊಳ್ಳಬಹುದೇ, ಎಲ್ಲಿಗೆ ಕೊಡಬೇಕು?

ಲೆಸ್ಟರ್_ಬಾಡಿಗೆಮನೆ

ನಾನು ವೇಪ್, ಅಂದರೆ ಇ-ಸಿಗರೇಟು, ಸೇದುವವನಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಕಳೆದ ವಾರ ಕೋಣೆ ಖಾಲಿ ಮಾಡಿದ ಹುಡುಗನೊಬ್ಬ ಬಳಸಿ ಮುಗಿಸಿದ ಆರು ವೇಪ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಡುಗೆಮನೆಯ ಸಿಂಕಿನ ಕೆಳಗೆ ಬಿಟ್ಟು ಹೋಗಿದ್ದಾನೆ. ಚಾರ್ಜ್ ಮಾಡಲು ಕಿಂಡಿಯೇ ಇಲ್ಲದ, ಬೆರಳು ಗಾತ್ರದ ಹಳೆಯ ಮಾದರಿಯವು. 2025ರ ಜೂನ್ 1ರಂದು ಇಲ್ಲಿ ಅವುಗಳ ಮಾರಾಟ ನಿಷೇಧವಾಗುವ ಮೊದಲು ಕೊಂಡಿದ್ದಿರಬೇಕು. ಇಂದು ಸಂಜೆ ಚೀಲವನ್ನು ಎತ್ತಿದಾಗ ಅದರಲ್ಲೊಂದು ಕೈಗೆ ಚುರುಕ್ಕೆನ್ನುವಷ್ಟು ಬಿಸಿಯಾಗಿತ್ತು. ಹಿತ್ತಿಲಿನ ಸಿಮೆಂಟು ನೆಲದ ಮೇಲೆ ಇಟ್ಟು ಬಂದಿದ್ದೇನೆ. ಮುಗಿದುಹೋದ ಬ್ಯಾಟರಿ ಬಿಸಿಯಾಗುವುದು ಹೇಗೆ, ಮತ್ತು ಮುಂದೇನು ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಡ್ರೋನ್_ಶಶಿ

ಹೆದರಬೇಡಿ ಸರ್. ಬಕೆಟ್ ನೀರಿಗೆ ಎರಡು ಹಿಡಿ ಉಪ್ಪು ಹಾಕಿ ಒಂದು ದಿನ ಮುಳುಗಿಸಿಡಿ, ಉಳಿದ ಚಾರ್ಜ್ ಇಳಿದುಹೋಗುತ್ತದೆ. ನಮ್ಮ ಡ್ರೋನ್ ಬಳಗದಲ್ಲಿ ಉಬ್ಬಿದ ಬ್ಯಾಟರಿಗಳಿಗೆಲ್ಲ ಇದೇ ಮದ್ದು. ನಂತರ ಕಸದ ಬುಟ್ಟಿಗೆ ಹಾಕಿದರಾಯಿತು.

ಬೆಸುಗೆ_ಕಡ್ಡಿ

ಉಪ್ಪುನೀರಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಬಿಸಿ ಇದ್ದದ್ದು ಸೇದುವ ತುದಿಯ ಕಡೆಗೋ, ದೀಪ ಇರುವ ತಳದ ಕಡೆಗೋ? ಆ ಹೊತ್ತಿಗೆ ದೀಪ ಉರಿಯುತ್ತಿತ್ತೇ? ಎಷ್ಟು ಹೊತ್ತು ಬಿಸಿ ಇತ್ತು? ವಾಸನೆಯೇನಾದರೂ ಬಂತೇ? ಕೇಳುತ್ತಿರುವ ಕಾರಣವೆಂದರೆ ಇಂಥ ವೇಪ್ ಎರಡು ರೀತಿಯಲ್ಲಿ ಬಿಸಿಯಾಗುತ್ತದೆ, ಮತ್ತು ಒಂದಕ್ಕೆ ಹೋಲಿಸಿದರೆ ಇನ್ನೊಂದು ಬಹಳ ಕೆಟ್ಟದ್ದು.

ಈ ಕೊಳವೆಯ ತಳದಲ್ಲಿ ಉಸಿರಿನ ಎಳೆತವನ್ನು ಗುರುತಿಸುವ ಸಣ್ಣ ಸೆನ್ಸರ್, ಅದರ ಮೇಲೆ ಲಿಥಿಯಂ ಸೆಲ್, ಅದಕ್ಕೂ ಮೇಲೆ ಸೇದುವ ತುದಿಯ ಬಳಿ ದ್ರವ ಹೀರಿದ ಬತ್ತಿ ಮತ್ತು ಅದನ್ನು ಕಾಯಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್, ಇರುತ್ತವೆ. ದ್ರವ ಸೋರಿ ಸೆನ್ಸರ್ ಒದ್ದೆಯಾದರೆ, ಯಾರೋ ಸೇದುತ್ತಿದ್ದಾರೆಂದು ಅದು ತಪ್ಪಾಗಿ ತಿಳಿದು ಕಾಯಿಲ್ಲನ್ನು ಉರಿಸುತ್ತದೆ. ಆಗ ದೀಪ ಹೊತ್ತಿರುತ್ತದೆ, ಬಿಸಿ ಮೇಲ್ತುದಿಯಲ್ಲಿರುತ್ತದೆ, ಮತ್ತು ಅದು ಬಹಳ ಹೊತ್ತು ನಡೆಯಲಾರದು. ಲೆಕ್ಕ ನೋಡಿ: ಈ ಮಾದರಿಯ ಸೆಲ್ ಸಾಮಾನ್ಯವಾಗಿ 550 ಎಂಎಎಚ್, ಅಂದರೆ ಸುಮಾರು 2 ವ್ಯಾಟ್-ಗಂಟೆ. ಕಾಯಿಲ್ 7 ವ್ಯಾಟ್‌ನಷ್ಟು ಎಳೆಯುತ್ತದೆಂದು ಹಿಡಿದರೆ, ತುಂಬಿದ ಸೆಲ್ ಕೂಡ ಹದಿನೇಳು ನಿಮಿಷಕ್ಕೆ ಬರಿದಾಗಬೇಕು. ಕೆಲವು ಸೆನ್ಸರ್‌ಗಳು ಹತ್ತು ಸೆಕೆಂಡಿಗೊಮ್ಮೆ ಕಡಿದು ಮತ್ತೆ ಹಚ್ಚುವುದರಿಂದ ಇದು ಇನ್ನಷ್ಟು ಎಳೆಯಬಹುದು, ಆದರೆ ದೀಪ ಮಿಣುಕುವುದಂತೂ ಕಾಣುತ್ತದೆ.

ಲೆಸ್ಟರ್_ಬಾಡಿಗೆಮನೆ

ಬಿಸಿ ತಳದ ಕಡೆಗೇ ಇತ್ತು. ದೀಪ ಉರಿಯಲಿಲ್ಲ. ಹೊರಗಿಟ್ಟು ಒಂದು ಗಂಟೆಯಾದ ಮೇಲೂ ಬೆಚ್ಚಗಿತ್ತು, ಹೊರಗಿನ ಹವೆ ಮಾತ್ರ ತಣ್ಣಗಿದೆ. ಉಗುರುಬಣ್ಣ ಅಳಿಸುವ ದ್ರವದಂಥ ಸಿಹಿಯಾದ ಘಾಟು ಸ್ವಲ್ಪ ಬಂತು, ಅದು ವೇಪಿನ ಹಣ್ಣಿನ ಪರಿಮಳವಿರಬಹುದೆಂದು ಸುಮ್ಮನಾದೆ. ಈಗ ಟಾರ್ಚ್ ಹಾಕಿ ನೋಡಿದರೆ ಕೊಳವೆಯ ನಡುವೆ ಒಂದು ಕಡೆ ನಗ್ಗಿದೆ. ಆ ಚೀಲದ ಮೇಲೆ ಕುಕ್ಕರ್ ಇಟ್ಟದ್ದು ನಾನೇ.

ಬೆಸುಗೆ_ಕಡ್ಡಿ

ಹಾಗಾದರೆ ದೋಷ ಸೆಲ್ಲಿನದೇ ಎಂದು ತಿಳಿದು ನಡೆದುಕೊಳ್ಳಿ. ನಗ್ಗಿದ ಜಾಗದಲ್ಲಿ ಒಳಗಿನ ಎರಡು ಪದರಗಳು ಒಂದಕ್ಕೊಂದು ತಾಗಿ, ಕರೆಂಟು ಹೊರದಾರಿಯನ್ನು ಬಿಟ್ಟು ಒಳಗೇ ಹರಿಯುತ್ತಿರುತ್ತದೆ. ಆ ಘಾಟು ಸೆಲ್ಲಿನೊಳಗಿನ ದ್ರವ ಹೊರಬಂದ ಸೂಚನೆಯಿರಬಹುದು, ಮೂಸಿ ಪರೀಕ್ಷಿಸಲು ಮತ್ತೆ ಹೋಗಬೇಡಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಅದು ಮುಗಿದಿರಲಿಲ್ಲ. ದ್ರವ ಮೊದಲು ಒಣಗಿದರೆ ಸೇದುವವನಿಗೆ ಸುಟ್ಟ ರುಚಿ ಸಿಗುತ್ತದೆ, ಅವನು ಎಸೆಯುತ್ತಾನೆ, ಚಾರ್ಜ್ ಒಳಗೇ ಉಳಿಯುತ್ತದೆ. ಇವುಗಳಲ್ಲಿರುವುದು ನೂರಾರು ಬಾರಿ ಚಾರ್ಜ್ ಆಗಬಲ್ಲ ಜಾತಿಯ ಸೆಲ್. ಒಂದೇ ಬಾರಿ ಬಳಸಿ ಬಿಸಾಡುವುದಕ್ಕೆ ಅಂಥದ್ದನ್ನು ಹಾಕಿದವರ ಬುದ್ಧಿಗೆ ಏನೆನ್ನಬೇಕೋ.

ಈಗ ಅದು ಇರುವಲ್ಲೇ ಇರಲಿ. ಗೋಡೆ, ಕಿಟಕಿ, ಒಣಗಿದ ಎಲೆ, ಕಸದ ಡಬ್ಬಿ ಯಾವುದೂ ಹತ್ತಿರ ಇಲ್ಲದಂತೆ ನೋಡಿಕೊಳ್ಳಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಸಂಪೂರ್ಣ ತಣ್ಣಗಾದ ಮೇಲೆ ಕೈಗವಸು ತೊಟ್ಟು, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹುದುಗಿಸಿ. ಮುಚ್ಚಳವನ್ನು ಬಿಗಿಯಬಾರದು, ಏಕೆಂದರೆ ಅನಿಲ ಹೊರಬರಲು ದಾರಿ ಬೇಕು. ಕೈಗವಸು ಬೇಕಾದದ್ದು ಬ್ಯಾಟರಿಗಾಗಿ ಮಾತ್ರವಲ್ಲ, ಬತ್ತಿಯಲ್ಲಿ ಉಳಿದ ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಈ ನಡುವೆ ಬುಸ್ಸೆನ್ನುವ ಸದ್ದೋ ಹೊಗೆಯೋ ಕಂಡರೆ ಹತ್ತಿರ ಹೋಗದೆ 999ಕ್ಕೆ ಕರೆ ಮಾಡಿ.

ಶಶಿಯವರೇ, ನಿಮ್ಮ ಮಾತು ಅರ್ಧ ಸರಿ. ಬೆಂಕಿ ಹತ್ತಿದ ಲಿಥಿಯಂ ಸೆಲ್ಲನ್ನು ತಣಿಸಲು ಧಾರಾಳ ನೀರೇ ಬೇಕು. ಆದರೆ ಉಪ್ಪುನೀರಿನಲ್ಲಿ ಚಾರ್ಜ್ ಇಳಿಯುವ ಮೊದಲೇ ಸೆಲ್ಲಿನ ತುದಿಗಳು ತುಕ್ಕು ಹಿಡಿದು ಸವೆದುಹೋಗಬಹುದು. ಆಗ ಹೊರಗಿನಿಂದ ಸತ್ತಂತೆ ಕಂಡರೂ ಒಳಗೆ ಚಾರ್ಜ್ ಹಾಗೆಯೇ ಇರುತ್ತದೆ. ಮೇಲಾಗಿ ಬಕೆಟ್ಟಿನಲ್ಲಿ ಉಳಿಯುವುದು ನಿಕೋಟಿನ್ ಬೆರೆತ ನೀರು, ಅದನ್ನು ಎಲ್ಲಿ ಚೆಲ್ಲುತ್ತೀರಿ? ಕಸದ ಬುಟ್ಟಿಯಂತೂ ಬೇಡವೇ ಬೇಡ, ಕಸದ ಲಾರಿಯ ಯಂತ್ರದ ಒತ್ತಡಕ್ಕೆ ನಗ್ಗದ ಸೆಲ್ಲೂ ನಗ್ಗುತ್ತದೆ.

ಡ್ರೋನ್_ಶಶಿ

ತುಕ್ಕಿನ ವಿಚಾರ ಒಪ್ಪಿದೆ. ಆದರೆ ನಮ್ಮ ಬ್ಯಾಟರಿಗಳ ವೈರ್ ತುದಿ ತೆರೆದಿರುವುದರಿಂದ ಅಲ್ಲಿ ಈ ಉಪಾಯ ನಡೆದಿದೆ ಎಂದೇ ನನ್ನ ಅನುಭವ.

ಜಯನಗರ_ಅಜ್ಜಿ

ನಮ್ಮದು ಬೆಂಗಳೂರು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗರು ಇಂಥದೇ ಎರಡನ್ನು ಬಿಟ್ಟು ಹೋಗಿದ್ದಾರೆ. ಬಿಸಿಯೇನೂ ಆಗಿಲ್ಲ. ಇವುಗಳನ್ನು ತಂದ ಅಂಗಡಿಗೇ ವಾಪಸು ಕೊಡಬಹುದೇ?

ಬೆಸುಗೆ_ಕಡ್ಡಿ

ಅಮ್ಮ, ನಿಮ್ಮಲ್ಲಿ ಆ ದಾರಿಯಿಲ್ಲ. ಬ್ರಿಟನ್ನಿನಲ್ಲಿ ವೇಪ್ ಮಾರುವ ಅಂಗಡಿಯೇ ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂಬ ನಿಯಮವಿದೆ. ಕರ್ನಾಟಕ 2016ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿತು, 2019ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು. ಮಾರಾಟವೇ ಇಲ್ಲವೆಂದ ಮೇಲೆ ಮರಳಿ ಪಡೆಯುವ ಅಂಗಡಿಯೆಲ್ಲಿ? ಸೇದುವ ತುದಿಗೆ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ಬಿಸಿಲು ತಾಗದ ಕಡೆ ಇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೆ, ಒಳಗೆ ಲಿಥಿಯಂ ಬ್ಯಾಟರಿ ಇದೆಯೆಂದು ಹೇಳಿಯೇ ಕೊಡಿ.

ಜಯನಗರ_ಅಜ್ಜಿ

ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ವೇಪ್ ಎಂದ ಕೂಡಲೇ "ಅದು ಬೇಡ ಮೇಡಂ, ತೊಂದರೆ" ಎಂದರು. ಇನ್ನೊಬ್ಬರನ್ನು ಕೇಳುತ್ತೇನೆ.

ಲೆಸ್ಟರ್_ಬಾಡಿಗೆಮನೆ

ಮೂರು ದಿನದ ನಂತರ ಬರೆಯುತ್ತಿದ್ದೇನೆ. ಮರುದಿನ ಸಂಜೆಗೆ ಅದು ಪೂರ್ತಿ ತಣ್ಣಗಾಗಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಮರಳಿಗೆ ಹುದುಗಿಸಿದೆ. ಉಳಿದ ಐದರಲ್ಲಿ ನಗ್ಗಿದ್ದು, ಉಬ್ಬಿದ್ದು ಯಾವುದೂ ಇರಲಿಲ್ಲವಾದ್ದರಿಂದ ಅವುಗಳನ್ನು ಬೀದಿಯ ವೇಪ್ ಅಂಗಡಿಯ ಡಬ್ಬಿಗೆ ಹಾಕಿದೆ. ಕೆಟ್ಟದ್ದನ್ನು ಅಲ್ಲಿ ಹಾಕದೆ, ನಗರಸಭೆಯ ಮರುಬಳಕೆ ಕೇಂದ್ರಕ್ಕೆ ಮೊದಲು ಫೋನ್ ಮಾಡಿ, ಗೆಳೆಯನ ಕಾರಿನಲ್ಲಿ ಒಯ್ದೆ. ಅಲ್ಲಿನ ಕೆಲಸಗಾರ ಡಬ್ಬಿಯನ್ನು ತೆರೆಯದೆ, ಹಾಗೆಯೇ ತೆಗೆದುಕೊಂಡು, ಬೇರೆ ಬ್ಯಾಟರಿಗಳಿಂದ ದೂರ ಒಂಟಿಯಾಗಿ ನಿಲ್ಲಿಸಿದ್ದ ಪೀಪಾಯಿಗೆ ಹಾಕಿದ. ಸಿಂಕಿನ ಕೆಳಗಿನ ಹಲಗೆಯ ಮೇಲೆ ಕಾಸಿನಗಲದ ಕಂದು ಕಲೆ ಉಳಿದಿದೆ. ಅದು ಹಳೆಯದೋ, ಅಂದಿನದೋ ಗೊತ್ತಾಗುತ್ತಿಲ್ಲ.