ಬಿಟ್‌ವಾರ್ಡನ್ ಪೂರಾ ಚೀನಿಯಲ್ಲಿದೆ, ಈಗ ಮಾಸ್ಟರ್ ಪಾಸ್‌ವರ್ಡ್ ಕೂಡ ತಗೊಳ್ಳುತ್ತಿಲ್ಲ

ರಶ್ಮಿ (ಸುಝೌ): ಇಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಚೀನಿ ಭಾಷೆಯಲ್ಲಿದೆ, ಹಾಗಾಗಿ ಪಾಸ್‌ವರ್ಡ್‌ಗಳನ್ನೆಲ್ಲ ಇಡುವ ಬಿಟ್‌ವಾರ್ಡನ್ ಎಕ್ಸ್‌ಟೆನ್ಷನ್ ಕೂಡ ಚೀನಿಯಲ್ಲೇ ಬರುತ್ತದೆ. ಮೂರು ತಲೆನೋವು. ಒಂದು, ಪಾಸ್‌ವರ್ಡ್ ತಾನಾಗಿ ತುಂಬುವ 自动填充 ಕೆಲವು ಸೈಟಿನಲ್ಲಿ ತುಂಬುತ್ತದೆ, ಶಾಪಿಂಗ್ ಸೈಟ್ ತಾವೊಬಾವೊದಲ್ಲಿ ಸುಮ್ಮನೆ ಕೂತಿರುತ್ತದೆ. ಎರಡು, ಮಾಹಿತಿ ಸೋರಿಕೆ ತೋರಿಸುವ 数据泄露 ಅನ್ನುವ ಪುಟದಲ್ಲಿ ನನ್ನ ಇಮೇಲ್ ಹಾಕಿದರೆ ಏನೇನೋ ಪಟ್ಟಿ ಬಂತು, ಹೆದರಿಕೆ ಆಯಿತು. ಮೂರು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಕೊಟ್ಟ ಮೇಲೆ ಮಾಸ್ಟರ್ ಪಾಸ್‌ವರ್ಡ್, ಅಂದರೆ 主密码, ತಪ್ಪು ಅನ್ನುತ್ತಿದೆ. ಫೋನಿನಲ್ಲಿ ಮಾತ್ರ ಬೆರಳು ಇಟ್ಟರೆ ತೆರೆಯುತ್ತದೆ. ಏನು ಮಾಡಲಿ?

ನಾಗೇಶ್: ಇದಕ್ಕೆ ಯಾಕೆ ಗಾಬರಿ? ವೆಬ್‌ನಲ್ಲಿ 恢复代码 ಅಂತ ಒಂದು ಉದ್ದನೆಯ ಕೋಡ್ ಕೊಟ್ಟಿರುತ್ತಾರೆ, ಅದನ್ನು ಹಾಕಿದರೆ ಅಕೌಂಟ್ ವಾಪಸ್ ಬರುತ್ತದೆ. ನಾನು ಅದನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ.

ಗುರುರಾಜ್ (ಸೆಕ್ಯುರಿಟಿ ಕೆಲಸ, ಬೆಂಗಳೂರು): ರಶ್ಮಿ ಅವರೇ, ಮೂರನೆಯದು ಮೊದಲು, ಅದು ಅರ್ಜೆಂಟ್. ಫೋನಿನ ಆ್ಯಪ್‌ನಲ್ಲಿ 注销 ಅಂತ ಕಂಡರೆ ಮುಟ್ಟಲೇಬೇಡಿ, ಅದು ಲಾಗ್ ಔಟ್. 锁定 ಒತ್ತಿದರೆ ಪರವಾಗಿಲ್ಲ, ಅದು ಬರೀ ಬೀಗ, ಬೆರಳಿಗೆ ತೆರೆಯುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕುವುದೂ ಬೇಡ. ಫೋನಿನ ಸೆಟ್ಟಿಂಗ್‌ನಲ್ಲಿ ಹೊಸ ಬೆರಳು ಸೇರಿಸಬೇಡಿ, ಯಾಕೆಂದರೆ ಬೆರಳಚ್ಚಿನ ಪಟ್ಟಿ ಬದಲಾದರೆ ಆ್ಯಪ್ ಅನುಮಾನಪಟ್ಟು ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಈಗ ನಿಮ್ಮ ಕೈಯಲ್ಲಿ ಉಳಿದಿರುವ ಬಾಗಿಲು ಆ ಫೋನ್ ಒಂದೇ.

ಆಮೇಲೆ, ನಿಜಕ್ಕೂ ಮರೆತಿದ್ದೀರಾ ಅಂತ ನೋಡಿ. ಲಾಗಿನ್ ಪುಟದಲ್ಲಿ bitwarden.com ಅಥವಾ bitwarden.eu ಅಂತ ಆರಿಸುವ ಜಾಗ ಇರುತ್ತದೆ. ಎರಡೂ ಬೇರೆ ಬೇರೆ ಸರ್ವರ್. ನಿಮ್ಮ ಅಕೌಂಟ್ ಒಂದರಲ್ಲಿದ್ದು ಲ್ಯಾಪ್‌ಟಾಪ್ ಇನ್ನೊಂದನ್ನು ಕೇಳಿದರೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಅಂತಲೇ ಬರುತ್ತದೆ. ಫೋನಿನಲ್ಲಿ ಅಕೌಂಟ್ ಹೆಸರಿನ ಹತ್ತಿರ ಯಾವ ಸರ್ವರ್ ಅಂತ ತೋರಿಸುತ್ತದೆ, ಹೋಲಿಸಿ ನೋಡಿ. ಇನ್ನೊಂದು, ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿ, ಟೈಪ್ ಆಗಿದ್ದನ್ನು ಓದಿ. ಚೀನಿ ಕೀಬೋರ್ಡ್ 中 ಮೋಡ್‌ನಲ್ಲಿದ್ದರೆ `!` ಬದಲು `！` ಬೀಳಬಹುದು. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ಕಂಪ್ಯೂಟರಿಗೆ ಬೇರೆ ಅಕ್ಷರ.

ನಾಗೇಶ್, ನೀವು ಹೇಳಿದ ಕೋಡ್ ಇರುವುದು ನಿಜ, ಅದರ ಕೆಲಸ ಮಾತ್ರ ಬೇರೆ. ಎರಡನೇ ಹಂತದ ಒಟಿಪಿ ಆ್ಯಪ್ ಕಳೆದುಹೋದಾಗ ಆ ಎರಡನೇ ಹಂತವನ್ನು ತೆಗೆಯಲು ಅದು. ಅದನ್ನು ಹಾಕುವ ಪುಟವೇ ಇಮೇಲ್ ಜೊತೆ ಮಾಸ್ಟರ್ ಪಾಸ್‌ವರ್ಡ್ ಕೂಡ ಕೇಳುತ್ತದೆ. ನಿಮ್ಮ ಬೀರುವಿನಲ್ಲಿ ಆ ಪ್ರಿಂಟ್ ಪಕ್ಕ ಮಾಸ್ಟರ್ ಪಾಸ್‌ವರ್ಡ್ ಬರೆದ ಚೀಟಿ ಇಲ್ಲದಿದ್ದರೆ ಅರ್ಧ ಕೆಲಸ ಅಷ್ಟೇ.

ನಾಗೇಶ್: ಓಹ್. ಆದರೂ ಸಪೋರ್ಟ್‌ನವರಿಗೆ ಮೇಲ್ ಮಾಡಿ, ಐಡಿ ಕಾರ್ಡ್ ಕಳಿಸಿದರೆ ಮಾಡಿಕೊಡಲ್ವಾ? ಬ್ಯಾಂಕಿನವರು ಮಾಡಿಕೊಡುತ್ತಾರಲ್ಲ.

ಗುರುರಾಜ್: ಮಾಡೋಕೆ ಅವರ ಹತ್ತಿರ ಏನೂ ಇಲ್ಲ. ನಿಮ್ಮ ಪಾಸ್‌ವರ್ಡ್‌ಗಳ ಮೂಟೆಗೆ ಬೀಗ ಬೀಳುವುದು ನಿಮ್ಮ ಯಂತ್ರದಲ್ಲೇ, ಮಾಸ್ಟರ್ ಪಾಸ್‌ವರ್ಡ್‌ನಿಂದ ಹುಟ್ಟುವ ಕೀಲಿಯಿಂದ. ಸರ್ವರಿಗೆ ಹೋಗುವುದು ಬೀಗ ಹಾಕಿದ ಮೂಟೆ ಮಾತ್ರ. ಬ್ಯಾಂಕಿಗೆ ನಿಮ್ಮ ಲೆಕ್ಕ ಕಾಣುತ್ತದೆ, ಇವರಿಗೆ ಕಾಣುವುದಿಲ್ಲ. ಲಾಗಿನ್ ಪುಟದಿಂದ ಸುಳಿವು ಕೇಳಬಹುದು, 密码提示 ಅಂತ ಇರುತ್ತದೆ. ಮೊದಲೇ ನೀವು ಬರೆದಿಟ್ಟಿದ್ದ ಸುಳಿವನ್ನು ಇಮೇಲ್‌ಗೆ ಕಳಿಸುತ್ತಾರೆ. ಬರೆದಿಟ್ಟಿರದಿದ್ದರೆ ಅದೂ ಇಲ್ಲ.

ಶೈಲಜಾ: ನನಗೂ ಇದೇ ಆಗಿತ್ತು! ಅಪ್ಪ ಚೀನಾ ಕಂಪನಿ ಫೋನ್ ತಗೊಂಡಿದ್ದರು, ಲಾಕ್ ಪ್ಯಾಟರ್ನ್ ಮರೆತರು, ಅಂಗಡಿಯವನು ಐನೂರು ರೂಪಾಯಿ ತಗೊಂಡು ರೀಸೆಟ್ ಮಾಡಿಕೊಟ್ಟ. ಫೋಟೋ ಎಲ್ಲಾ ಹೋಯಿತು. ನೀವೂ ಅಂಗಡಿಯಲ್ಲಿ ಕೇಳಿ ನೋಡಿ.

ರಶ್ಮಿ: ಅಯ್ಯೋ ಶೈಲಜಾ ಅವರೇ, ಫೋನ್ ಲಾಕ್ ಅಲ್ಲ, ಪಾಸ್‌ವರ್ಡ್ ಇಡುವ ಆ್ಯಪ್‌ದು. ಗುರುರಾಜ್ ಸರ್, ಸರ್ವರ್ ನೋಡಿದೆ, ಎರಡೂ ಕಡೆ .com ಇದೆ. ಕಣ್ಣು ಒತ್ತಿಯೂ ನೋಡಿದೆ, ಅಕ್ಷರ ಸರಿಯಾಗಿದೆ. ಸುಳಿವು ನಾನು ಬರೆದೇ ಇಲ್ಲ. ಫೋನಿನಿಂದ ಎಲ್ಲವನ್ನೂ ಹೊರತೆಗೆಯುವ 导出 ಮಾಡೋಣ ಅಂದರೆ ಅಲ್ಲೂ ಮಾಸ್ಟರ್ ಪಾಸ್‌ವರ್ಡ್ ಕೇಳಿತು.

ಗುರುರಾಜ್: ಕೇಳುತ್ತದೆ. ತೆರೆದ ಫೋನ್ ಯಾರದೋ ಕೈಗೆ ಸಿಕ್ಕಿ, ಎಲ್ಲವನ್ನೂ ಒಂದೇ ಫೈಲ್ ಮಾಡಿ ಒಯ್ಯಬಾರದು ಅಂತ. ಲಾಗಿನ್ ಪುಟದಲ್ಲಿ ಇನ್ನೊಂದು ದಾರಿ ಇದೆ, 使用设备登录 ಅಂತ: ಲ್ಯಾಪ್‌ಟಾಪಿನಿಂದ ಕೇಳಿ ಫೋನಿನಲ್ಲಿ ಒಪ್ಪಿಗೆ ಕೊಡುವುದು. ಆದರೆ ಆ ಯಂತ್ರದಲ್ಲಿ ಒಮ್ಮೆಯಾದರೂ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿರಬೇಕು. ಫಾರ್ಮ್ಯಾಟ್ ಆದ ಲ್ಯಾಪ್‌ಟಾಪ್ ಅದಕ್ಕೆ ಹೊಸ ಮುಖ.

ಹಾಗಾಗಿ ಕೈಯಲ್ಲೇ ನಕಲು ಮಾಡಬೇಕು. ಬೇರೆ ಇಮೇಲ್‌ನಲ್ಲಿ ಹೊಸ ಅಕೌಂಟ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆದಿಡಿ. ಫೋನಿನಲ್ಲಿ ಒಂದೊಂದೇ ತೆರೆದು ಈ ಕಡೆ ಬರೆಯಿರಿ. ಮೊದಲು ಇಮೇಲ್ ಪಾಸ್‌ವರ್ಡ್, ಆಮೇಲೆ ದುಡ್ಡಿನವು, ಉಳಿದವು ನಿಧಾನಕ್ಕೆ. ಒಟಿಪಿ ಕೂಡ ಇದರಲ್ಲೇ ಇಟ್ಟಿದ್ದರೆ ಪರದೆಯಲ್ಲಿ ಓಡುವ ಆರು ಅಂಕಿ ನಕಲು ಮಾಡಿ ಏನೂ ಪ್ರಯೋಜನವಿಲ್ಲ. ತಿದ್ದುವ ಗುಂಡಿ 编辑 ಒತ್ತಿ ಒಳಗಿರುವ ಉದ್ದನೆಯ ಗುಪ್ತ ಕೀ ತೆಗೆದುಕೊಳ್ಳಿ. ಇದನ್ನೇ ಜಾಸ್ತಿ ಜನ ಮರೆಯುವುದು. ಟಿಪ್ಪಣಿಗಳನ್ನೂ ನೋಡಿ.

ಹರ್ಷ: ಮಧ್ಯೆ ಒಂದು ಮಾತು. ಎಕ್ಸ್‌ಟೆನ್ಷನ್ ಕ್ರೋಮ್‌ನ ಭಾಷೆಯನ್ನೇ ಹಿಡಿಯುತ್ತದೆ, ಅದರೊಳಗೆ ಬೇರೆ ಭಾಷೆ ಆರಿಸೋಕೆ ಆಗಲ್ಲ. ಆದರೆ ವೆಬ್‌ನಲ್ಲಿ ಸೆಟ್ಟಿಂಗ್ಸ್ ಅಂದರೆ 设置 ಒಳಗೆ ಭಾಷೆ ಆರಿಸುವ 语言 ಇದೆ, ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಅರ್ಧಂಬರ್ಧ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ, ಆದರೂ ಗುಂಡಿ ಯಾವುದು ಅಂತ ಗೊತ್ತಾಗುತ್ತದೆ.

ರಶ್ಮಿ: ಕನ್ನಡ ಇದೆಯಾ! ಗೊತ್ತೇ ಇರಲಿಲ್ಲ. ಸರ್, ತಾವೊಬಾವೊದ್ದು?

ಗುರುರಾಜ್: ಅಲ್ಲಿ ಬಿಟ್‌ವಾರ್ಡನ್‌ದು ಏನೂ ತಪ್ಪಿಲ್ಲ. ಚೀನಾದ ಜಾಸ್ತಿ ಸೈಟುಗಳು ಮೊದಲು ತೋರಿಸುವುದು ಕ್ಯೂಆರ್ ಚೌಕ ಅಥವಾ ಎಸ್‌ಎಂಎಸ್ ಕೋಡಿನ ಲಾಗಿನ್. 扫码登录 ಅಥವಾ 短信登录 ಟ್ಯಾಬ್ ತೆರೆದಿದ್ದಾಗ ಪುಟದಲ್ಲಿ ಪಾಸ್‌ವರ್ಡ್ ಹಾಕುವ ಜಾಗವೇ ಇರುವುದಿಲ್ಲ, ಎಲ್ಲಿ ತುಂಬಬೇಕು ಪಾಪ? ಪಾಸ್‌ವರ್ಡ್ ಲಾಗಿನ್‌ನ 密码登录 ಟ್ಯಾಬ್ ಒತ್ತಿ, ಎರಡು ಖಾನೆ ಬಂದ ಮೇಲೆ Ctrl+Shift+L ಒತ್ತಿ ನೋಡಿ. ಬಂದರೆ ಅಷ್ಟೇ ಕಾಯಿಲೆ.

ಆಗಲೂ ಬರದಿದ್ದರೆ ಮೇಲೆ ವಿಳಾಸ ನೋಡಿ. ಅದು ಹೋಲಿಸುವುದು ಸೈಟಿನ ಮುಖ್ಯ ಹೆಸರನ್ನು. taobao.com ಅಂತ ಉಳಿಸಿದ್ದು login.taobao.com ನಲ್ಲೂ ಬರುತ್ತದೆ, ಬೇರೆ ಹೆಸರಿನ ಸೈಟಿನಲ್ಲಿ ತಾನಾಗಿ ಬರಬೇಕಿಲ್ಲ. ಒಂದೇ ಅಕೌಂಟ್ ಟಿಮಾಲ್‌ನಲ್ಲೂ ಬೇಕಿದ್ದರೆ, ಅದೇ ಎಂಟ್ರಿಯಲ್ಲಿ tmall.com ಅನ್ನು ಎರಡನೇ ವಿಳಾಸವಾಗಿ ಸೇರಿಸಿ. ಆದರೆ ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ತೆರೆದಾಗ ತುಂಬದಿದ್ದರೆ ಕೈಯಲ್ಲಿ ಹಾಕಬೇಡಿ, ಮೊದಲು ವಿಳಾಸ ಓದಿ. ನಕಲಿ ಸೈಟ್ ಕಣ್ಣಿಗೆ ಮೋಸ ಮಾಡಬಹುದು, ಹೆಸರು ಹೋಲಿಸುವ ಯಂತ್ರಕ್ಕೆ ಅಷ್ಟು ಸುಲಭವಲ್ಲ.

ಹರ್ಷ: ನಮ್ಮ ಆಫೀಸಿನಲ್ಲಿ ಉಲ್ಟಾ ಕಾಯಿಲೆ. 192.168.1.20:8080 ನಲ್ಲಿ ಸ್ಟೋರ್ಸ್, :8443 ನಲ್ಲಿ ಹಾಜರಿ. ಯಾವುದು ತೆರೆದರೂ ಎರಡರ ಪಾಸ್‌ವರ್ಡೂ ಬಂದು ನಿಲ್ಲುತ್ತವೆ.

ಗುರುರಾಜ್: ಎರಡೂ ಎಂಟ್ರಿಯಲ್ಲಿ ವಿಳಾಸದ ಹೊಂದಿಕೆಯನ್ನು 主机 ಮಾಡಿ. ಆಗ ಪೋರ್ಟ್ ನಂಬರ್ ಕೂಡ ಹೋಲಿಸುತ್ತದೆ. 精确 ಮಾಡಬೇಡಿ, ಪುಟದ ವಿಳಾಸದ ಬಾಲದಲ್ಲಿ ಒಂದು ಅಕ್ಷರ ಬದಲಾದರೂ ತುಂಬುವುದಿಲ್ಲ.

ರಶ್ಮಿ: 密码登录 ಒತ್ತಬೇಕಿತ್ತು ಅಂತ ಯಾರೂ ಹೇಳಿರಲಿಲ್ಲ. ಸೋರಿಕೆ ಪಟ್ಟಿದು ಉಳಿಯಿತು.

ನಾಗೇಶ್: ಅದರಲ್ಲಿ ಹೆಸರು ಬಂತು ಅಂದರೆ ಅಕೌಂಟ್ ಹ್ಯಾಕ್ ಆಗಿದೆ ಅಂತ. ಮತ್ತೆ ಪಾಸ್‌ವರ್ಡ್ ಸೋರಿದೆಯಾ ಅಂತ ನೋಡುವ ಆ ಪಾಸ್‌ವರ್ಡ್ ಚೆಕ್ ಒತ್ತಬೇಡಿ, ನಿಮ್ಮ ಪಾಸ್‌ವರ್ಡ್ ಹೊರಗಿನ ಸೈಟಿಗೆ ಹೋಗುತ್ತದೆ.

ಗುರುರಾಜ್: ಎರಡರಲ್ಲೂ ಸ್ವಲ್ಪ ನಿಜ ಇದೆ. 数据泄露 ಪುಟ ನೋಡುವುದು ಇಮೇಲ್ ವಿಳಾಸವನ್ನು ಮಾತ್ರ. ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ Have I Been Pwned ಅನ್ನುವ ಸೋರಿಕೆಗಳ ಪಟ್ಟಿಯಲ್ಲಿ ಆ ವಿಳಾಸ ಎಲ್ಲೆಲ್ಲಿದೆ ಅಂತ ಹೇಳುತ್ತದೆ. ತಾರೀಖು ನೋಡಿ ಓದಬೇಕು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ ಮಾಹಿತಿಯ ದೊಡ್ಡ ರಾಶಿ ಮಾರಾಟಕ್ಕೆ ಬಂದದ್ದು 2016ರಲ್ಲಿ. ಆ ಸೈಟಿನಲ್ಲಿ ಅದಾದ ಮೇಲೆ ಪಾಸ್‌ವರ್ಡ್ ಬದಲಿಸಿದ್ದರೆ, ಬೇರೆಲ್ಲೂ ಆ ಹಳೆಯದನ್ನು ಬಳಸದಿದ್ದರೆ, ಇವತ್ತು ಓಡಾಡುವಂಥದ್ದೇನಿಲ್ಲ. 163 ಮೇಲ್ ನಡೆಸುವ ನೆಟ್‌ಈಸ್ ಹೆಸರೂ ಆ ಪಟ್ಟಿಯಲ್ಲಿದೆ, ಆದರೆ ಮಾಹಿತಿ ನಿಜಕ್ಕೂ ಅಲ್ಲಿಂದಲೇ ಬಂತಾ ಅನ್ನುವುದು ಖಚಿತವಾಗಿಲ್ಲ ಅಂತ ಪಟ್ಟಿಯವರೇ ಗುರುತು ಹಾಕಿದ್ದಾರೆ.

ಪಾಸ್‌ವರ್ಡ್ ಚೆಕ್ ಬೇರೆ. ಅದು ಪಾಸ್‌ವರ್ಡ್ ಕಳಿಸುವುದಿಲ್ಲ. ಅದರ ಹ್ಯಾಶ್, ಅಂದರೆ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಒಂದು ಗುರುತಿನ ಸಾಲು, ಮಾಡಿ, 40 ಅಕ್ಷರದಲ್ಲಿ ಮೊದಲ ಐದನ್ನು ಮಾತ್ರ ಕಳಿಸುತ್ತದೆ. ಯಾರಾದರೂ `password` ಅಂತಲೇ ಇಟ್ಟುಕೊಂಡಿದ್ದರೆ ಹೋಗುವ ಪ್ರಶ್ನೆ ಇಷ್ಟು:

```
https://api.pwnedpasswords.com/range/5BAA6
```

5BAA6 ಇಂದ ಶುರುವಾಗುವ ನೂರಾರು ಹ್ಯಾಶ್‌ಗಳ ಬಾಲ ವಾಪಸ್ ಬರುತ್ತವೆ, ನಿಮ್ಮದು ಅದರಲ್ಲಿದೆಯಾ ಅಂತ ನಿಮ್ಮ ಯಂತ್ರವೇ ಹುಡುಕಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ ತೆರೆದು ನೋಡಿ. ಪಕ್ಕದ ಅಂಕಿ ಆ ಪಾಸ್‌ವರ್ಡ್ ಸೋರಿಕೆಗಳಲ್ಲಿ ಎಷ್ಟು ಸಲ ಸಿಕ್ಕಿದೆ ಅನ್ನುವುದು. ನಿಮ್ಮ ಅಕೌಂಟಿಗೆ ಅಷ್ಟು ಸಲ ಕಳ್ಳ ಬಂದ ಅಂತ ಅಲ್ಲ. ಆದರೂ ಅಂಕಿ ಒಂದೇ ಇದ್ದರೂ ಆ ಪಾಸ್‌ವರ್ಡ್ ಬದಲಿಸಿ. ಮತ್ತೆ ಈ ಪುಟಗಳು ನೀವು ಹೋಗಿ ಒತ್ತಿದಾಗ ಹೇಳುವಂಥವು. ಏನೂ ಬರಲಿಲ್ಲ ಅಂದರೆ ಸೋರಿಲ್ಲ ಅಂತಲೂ ಅಲ್ಲ, ಆ ಪಟ್ಟಿಗೆ ಸಿಕ್ಕಿಲ್ಲ ಅಷ್ಟೇ.

ನಾಗೇಶ್: ಐದೇ ಅಕ್ಷರ ಆದರೂ ಹೊರಗೆ ಹೋಯಿತಲ್ಲ. ನಾನಂತೂ ಒತ್ತಲ್ಲ.

ರಶ್ಮಿ: ಹಳೇ ಪಾಸ್‌ವರ್ಡ್ ಒಂದು ಅದರಲ್ಲಿ ಸಿಕ್ಕಿತು, ಎರಡು ಸೈಟಿನಲ್ಲಿ ಅದೇ ಇತ್ತು, ಬದಲಿಸಿದೆ. ನಕಲು ನಡೀತಿದೆ. ಮುಗಿದ ಮೇಲೆ ಹಳೇ ಅಕೌಂಟ್ ಅಳಿಸಿಬಿಡಲಾ? ಅದರಲ್ಲಿ ಆಫೀಸಿನ ಹಂಚಿಕೆಯ ಫೋಲ್ಡರ್ ಕೂಡ ಕಾಣುತ್ತದೆ.

ಗುರುರಾಜ್: ಆಫೀಸಿನದ್ದೂ ಇದೆಯಾ? ಹಾಗಾದರೆ ಅಳಿಸಬೇಡಿ, ತಡೀರಿ. ಕಂಪನಿಯವರು ಎಂಟರ್‌ಪ್ರೈಸ್ ಪ್ಲಾನ್ ತಗೊಂಡು, ಅಕೌಂಟ್ ವಾಪಸ್ ಪಡೆಯುವ 账户恢复 ಆನ್ ಮಾಡಿ, ನಿಮ್ಮನ್ನು ಅದಕ್ಕೆ ಮೊದಲೇ ಸೇರಿಸಿದ್ದರೆ ಅವರ ಅಡ್ಮಿನ್ ನಿಮಗೆ ಹೊಸ ಮಾಸ್ಟರ್ ಪಾಸ್‌ವರ್ಡ್ ಹಾಕಿಕೊಡಬಹುದು, ಒಳಗಿನದ್ದೆಲ್ಲ ಹಾಗೇ ಉಳಿಯುತ್ತದೆ. ಸೇರಿಸಿಲ್ಲದಿದ್ದರೆ ಈಗ ಸೇರಿಸಿ ಪ್ರಯೋಜನವಿಲ್ಲ. ಐಟಿಯವರಿಗೆ ಆ ಮೂರು ಮಾತು ಬರೆದು ಕೇಳಿ.

ಶೈಲಜಾ: ಮನೆಯವರಿಗೆ ಈ ಥರ ಏನೂ ಇಲ್ವಾ? ಅಪ್ಪನಿಗೆ ಮಾಡಿಕೊಡಬೇಕು.

ಗುರುರಾಜ್: ಇದೆ, ತುರ್ತಿಗೆ ಒಳಗೆ ಬಿಡುವ 紧急访问. ಅಪ್ಪನ ಅಕೌಂಟ್ ಪ್ರೀಮಿಯಂ ಇರಬೇಕು, ನಿಮ್ಮದು ಉಚಿತದ್ದಾದರೂ ಸಾಕು. ಅವರು ನಿಮ್ಮ ಹೆಸರು ಸೇರಿಸಿ, ನೀವು ಒಪ್ಪಿ, ಮತ್ತೆ ಅವರು ಖಚಿತಪಡಿಸಬೇಕು, ಆ ಕೊನೆಯ ಹಂತ ಬಿಟ್ಟರೆ ಏನೂ ಆಗುವುದಿಲ್ಲ. ಕಾಯುವ ಅವಧಿ 1 ದಿನದಿಂದ 90 ದಿನದವರೆಗೆ. ನೋಡುವುದಕ್ಕಷ್ಟೇ ಬಿಡದೆ, ಅಕೌಂಟನ್ನೇ ವಹಿಸಿಕೊಳ್ಳುವ 接管 ಆರಿಸಿ, ಆಗಲೇ ಹೊಸ ಪಾಸ್‌ವರ್ಡ್ ಹಾಕೋಕೆ ಬರುವುದು.

ರಶ್ಮಿ: ಐಟಿಯವರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಇಲ್ಲ.

ಗುರುರಾಜ್: ಬರುವವರೆಗೆ ನಕಲು ನಿಲ್ಲಿಸಬೇಡಿ, ಫೋನ್ ಚಾರ್ಜ್‌ನಲ್ಲಿಡಿ. ಅವರು ಆಗಲ್ಲ ಅಂದರೆ ಆಮೇಲೆ ಅಳಿಸಿ, ಅದಕ್ಕೆ ಮಾಸ್ಟರ್ ಪಾಸ್‌ವರ್ಡ್ ಬೇಡ, ಇಮೇಲ್‌ಗೆ ಬರುವ ಲಿಂಕ್ ಸಾಕು: vault.bitwarden.com/#/recover-delete. ಆಫೀಸಿನ ಫೋಲ್ಡರ್ ಕಂಪನಿಯ ಹತ್ತಿರ ಉಳಿಯುತ್ತದೆ, ನಿಮ್ಮನ್ನು ಮತ್ತೆ ಕರೆಯಬೇಕು ಅಷ್ಟೇ.