ಇಳಕಲ್ ಸೀರೆ: 850, 2,400, 5,800. ಈ ದರ ನಂಬಬಹುದಾ?

ಕೇಳಿದವರು, ಸಿಂಧನೂರು:
ಮುಂದಿನ ತಿಂಗಳು ತಮ್ಮನ ಮದುವೆ. ಬೀಗರ ಕಡೆ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಆಹೇರ ಮಾಡಬೇಕು. ಒಂದೇ ಅಂಗಡಿಯಲ್ಲಿ ಮೂರು ತೋರಿಸಿದರು: 850, 2,400, 5,800. ಮೂರಕ್ಕೂ "ಕೈಮಗ್ಗದ್ದೇ ರೀ" ಅಂತಾರೆ. 2,400ರದ್ದು "ಪ್ಯೂರ್ ಸಿಲ್ಕ್, ಪ್ಯೂರ್ ಜರಿ" ಅಂತ ಬೇರೆ. ಮೂರೂ ಹಸಿರು ಒಡಲು, ಕೆಂಪು ಸೆರಗು. ತಗೊಂಡು ಅನುಭವ ಇದ್ದವರು ಹೇಳಿ.

ಕುಷ್ಟಗಿ ಹತ್ತಿರದ ನೇಕಾರರ ಮನೆಯವರು:
ಅಕ್ಕಾರ, ಮೊದಲು ಬೆಲೆ ಚೀಟಿ ಬಿಡಿ. ಸೀರೆ ಬಿಚ್ಚಿ, ಒಡಲು ಮುಗಿದು ಸೆರಗು ಶುರುವಾಗೋ ಜಾಗ ನೋಡಿ.

ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹಸಿರು ನೂಲು, ಸೆರಗಿಗೆ ಕೆಂಪು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಮಾಡಬೇಕು, ಒಬ್ಬರ ಕೈಯಲ್ಲಿ ಮುಗಿಯೋದೂ ಅಲ್ಲ. ಕೂಡಿಸಿದ ಕಡೆ ಅಡ್ಡಕ್ಕೆ ಸಣ್ಣ ಗೆರೆ ಕಾಣುತ್ತದೆ. ಬೆರಳಾಡಿಸಿದರೆ ಸ್ವಲ್ಪ ಉಬ್ಬು ಸಿಗುತ್ತದೆ. ಅಲ್ಲಿಂದ ಆಚೆ ಹಸಿರು ಎಳೆ ಒಂದೂ ಇರಬಾರದು. ಸೆರಗು ಅಚ್ಚ ಕೆಂಪು, ಅದರಲ್ಲಿ ಬಿಳಿ ತೋಪುತೆನಿ ಚಿತ್ತಾರ.

ಪವರ್‌ಲೂಮ್‌ನಲ್ಲಿ ಹತ್ತಾರು ಸೀರೆಗೆ ಒಂದೇ ಉದ್ದ ಹಾಸು. ಸೆರಗು ಬಂದಾಗ ಹೊಕ್ಕು, ಅಂದರೆ ಅಡ್ಡ ಎಳೆ ಮಾತ್ರ ಕೆಂಪಾಗುತ್ತದೆ, ಹಾಸು ಹಸಿರೇ ಉಳಿಯುತ್ತದೆ. ಅದಕ್ಕೇ ಆ ಸೆರಗು ಬಿಸಿಲಿಗೆ ಹಿಡಿದರೆ ಕಂದು ಹೊಡೆಯುತ್ತದೆ. ತಿರುಗಿಸಿ ನೋಡಿ, ಕೆಂಪಿನ ನಡುವೆ ಹಸಿರು ಎಳೆ ಇಣುಕುತ್ತಿರುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಕೊಂಡಿ ಇದ್ದರೆ ಕೈಮಗ್ಗ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕೊಂಡಿ ಇಲ್ಲ ಅಂದ ಕೂಡಲೇ ಪವರ್‌ಲೂಮ್ ಅನ್ನೋಕೆ ಆಗಲ್ಲ. ಕೈಮಗ್ಗದಲ್ಲೂ ಒಂದೇ ಹಾಸಿನ ಸೀರೆ ನೇಯುತ್ತಾರೆ. ಆದರೆ ಅದಕ್ಕೆ ಕೊಂಡಿ ಸೀರೆಯ ದರ ಕೊಡಬೇಡಿ.

ರಾಯಚೂರಿನ ಶಿಕ್ಷಕಿ:
ಅಷ್ಟೆಲ್ಲಾ ಯಾಕೆ? ದಡಿ ಅಂಚಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಇದ್ದರೆ ಕೈಮಗ್ಗ. ರೇಷ್ಮೆಗೆ ಒಂದೆರಡು ಎಳೆ ಸುಡಿ. ಕರಗಿ ಗುಂಡಾದರೆ ನಕಲಿ, ಕರಗದಿದ್ದರೆ ಅಸಲಿ. ನಾನು ಯಾವಾಗಲೂ ಹೀಗೇ ನೋಡೋದು.

ಕುಷ್ಟಗಿಯವರು:
ಮೇಡಂ, ಅರ್ಧ ಸರಿ. ಬಟ್ಟೆ ಅಗಲ ಕುಗ್ಗದಿರಲಿ ಅಂತ ಅಂಚು ಎಳೆದು ಹಿಡಿಯೋ ಮುಳ್ಳಿನ ತೂತು ಅವು. ಪವರ್‌ಲೂಮ್‌ನಲ್ಲೂ ಅಂಚು ಹಿಡಿಯೋಕೆ ಮುಳ್ಳಿನ ಉಂಗುರ ಇರುತ್ತದೆ. ತೂತು ಅಲ್ಲೂ ಬೀಳುತ್ತದೆ.

ಸುಡೋದರಲ್ಲೂ ಒಂದು ತಪ್ಪುತ್ತದೆ. ಕರಗಿ ಗುಂಡಾಗೋದು ಪಾಲಿಯೆಸ್ಟರ್. ನಮ್ಮ ಕಡೆ ರೇಷ್ಮೆ ಜಾಗಕ್ಕೆ ಜಾಸ್ತಿ ಹಾಕೋದು ಚಮಕಾ, ಅಂದರೆ ಆರ್ಟ್ ಸಿಲ್ಕ್. ಅದು ಕರಗೋದೇ ಇಲ್ಲ. ಕಾಗದದ ಹಾಗೆ ಉರಿದು ಕಾಗದದ ವಾಸನೆ ಬರುತ್ತದೆ. ಅಸಲಿ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಒತ್ತಿದರೆ ಪುಡಿ. ಮೂಗಿಗೆ ಹಿಡಿದು ನೋಡಿ, ಕರಗಿತಾ ಇಲ್ವಾ ಅನ್ನೋದರಲ್ಲಿ ಚಮಕಾ ಸಿಗಲ್ಲ. ಹಾಸಿನ ಎಳೆ, ಹೊಕ್ಕಿನ ಎಳೆ ಬೇರೆ ಬೇರೆಯಾಗಿ ಸುಡಿ. ಒಂದು ರೇಷ್ಮೆ, ಇನ್ನೊಂದು ಚಮಕಾ ಇರೋ ಸೀರೆಗಳು ಬೇಕಾದಷ್ಟಿವೆ.

ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು:
ದರದ ಲೆಕ್ಕ ನಾನು ಹಾಕಿ ಕೊಡ್ತೀನಿ. ಅಂಗಡಿಯವನು ಹೇಳ್ತಿದಾನೆ ಅಂತ ನಗಬೇಡಿ.

ಒಡಲು, ಸೆರಗು ಎರಡೂ ಅಸಲಿ ರೇಷ್ಮೆ ಇರೋ ಸೀರೆ 400 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಹಸಿ ರೇಷ್ಮೆಯ ಅಂಟು ತೆಗೆದಾಗ ಸುಮಾರು ಕಾಲು ಭಾಗ ತೂಕ ಹೋಗುತ್ತದೆ. ಹಾಗಾಗಿ 400 ಗ್ರಾಂ ಸೀರೆಗೆ 530 ಗ್ರಾಂ ಹತ್ತಿರ ಹಸಿ ನೂಲು ಬೇಕು. ಲೆಕ್ಕಕ್ಕೆ ಕೆಜಿಗೆ 5,000 ಇಟ್ಟರೂ ನೂಲಿಗೇ 2,650 ಆಯ್ತು. ಬಣ್ಣ, ಹಾಸು ಹಾಕೋದು, ಕೊಂಡಿ, ನೇಯೋ ಕೂಲಿ ಎಲ್ಲಾ ಇನ್ನೂ ಬಾಕಿ. ಅಂಥದ್ದರಲ್ಲಿ 2,400ಕ್ಕೆ ಪೂರ್ತಿ ರೇಷ್ಮೆ ಹೇಗೆ ಕೊಡ್ತಾರೆ, ನೀವೇ ಹೇಳಿ. ಅದು ಬಹುಶಃ ಹತ್ತಿ ಒಡಲು, ಚಮಕಾ ಸೆರಗು. ಕೆಟ್ಟ ಸೀರೆ ಅಂತಲ್ಲ. ಕೈಮಗ್ಗದ್ದೇ ಆಗಿ, ಕೊಂಡಿ ಇದ್ದರೆ ಆ ದರ ನ್ಯಾಯವೇ. ಆದರೆ "ಪ್ಯೂರ್ ಸಿಲ್ಕ್" ಅನ್ನೋದು ಸುಳ್ಳು.

5,800ರದ್ದಕ್ಕೆ ನೂಲು 2,650, ಮೂರು ನಾಲ್ಕು ದಿನದ ಕೂಲಿ, ಬಣ್ಣ ಸೇರಿಸಿದರೆ ಲೆಕ್ಕ ಕೂಡುತ್ತದೆ. ಅಂಗಡಿಯವನಿಗೆ ಉಳಿಯೋದು ಜಾಸ್ತಿ ಏನಿಲ್ಲ. 850ರದ್ದು ಪಾಲಿಯೆಸ್ಟರ್ ಪವರ್‌ಲೂಮ್ ಇರಬೇಕು, ಅದಕ್ಕೆ ಸುಡೋ ಪರೀಕ್ಷೆನೂ ಬೇಡ.

ಈಗ ಜರಿ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ. ಟೆಸ್ಟೆಡ್ ಅಂದರೆ ಒಳಗೆ ತಾಮ್ರದ ತಂತಿ. ಮೂರನೇದು ಪ್ಲಾಸ್ಟಿಕ್. ಸೀರೆಯಲ್ಲಿ ಬರೀ 50 ಗ್ರಾಂ ಜರಿ ಇದೆ, ಅದರಲ್ಲಿ ನೂರಕ್ಕೆ 40 ಬೆಳ್ಳಿ ಅಂದುಕೊಳ್ಳಿ. 20 ಗ್ರಾಂ ಬೆಳ್ಳಿ ಆಯ್ತು. ಗ್ರಾಂಗೆ 100 ಅಂತ ಕಡಿಮೆ ಇಟ್ಟರೂ ಬೆಳ್ಳಿಗೇ 2,000. 2,400ರ ಸೀರೆಗೆ ಅದು ಎಲ್ಲಿಂದ ಬರಬೇಕು? ಇಳಕಲ್ ದಡಿಯಲ್ಲಿ ಜರಿ ಇರೋದೇ ಕಡಿಮೆ, ಇದ್ದರೂ ಹೆಚ್ಚಾಗಿ ಟೆಸ್ಟೆಡ್. ಆದ್ದರಿಂದ ಇಳಕಲ್‌ಗೆ ಜರಿ ಹೆಸರಲ್ಲಿ ದುಡ್ಡು ಕೊಡಬೇಡಿ. ರೇಷ್ಮೆಗೂ ಕೊಂಡಿಗೂ ಕೊಡಿ.

ಹೊಸಪೇಟೆಯವರು:
ನಮ್ಮ ಅಜ್ಜಿಯ ಹಳೇ ಕಂಚಿ ಸೀರೆ ಇದೆ, ಹರಿದಿದೆ. "ಹಳೇ ರೇಷ್ಮೆ ಸೀರೆ" ಅಂತ ಕೂಗ್ತಾ ಬಂದವನು 1,500 ಕೊಡ್ತೀನಿ ಅಂದ. ಕೊಟ್ಟುಬಿಡಲಾ? ಜರಿ ಕೆರೆದರೆ ಕೆಂಪು ಬಂತು, ಅಸಲಿನೇ ಇರಬೇಕು ಅಲ್ವಾ?

ಬಳ್ಳಾರಿಯವರು:
ಕೆಂಪು ಬಂದಿದ್ದು ದಾರನಾ, ಲೋಹನಾ? ತಾಮ್ರ ಕೂಡ ಕೆಂಪೇ. ಟೆಸ್ಟೆಡ್ ಜರಿಯ ಒಳಗೂ ಕೆಂಪು ದಾರ ಹಾಕೋರಿದ್ದಾರೆ. ಸುಮ್ನೆ ಕೊಡಬೇಡಿ. ಬಂಗಾರದ ಅಂಗಡಿಗಳಲ್ಲಿ ಚಿನ್ನ ಪರೀಕ್ಷೆ ಮಾಡೋ ಯಂತ್ರ ಇರುತ್ತದೆ, ಅದರಲ್ಲಿ ದಡಿ ಇಟ್ಟರೆ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಅಂತ ತೋರಿಸುತ್ತದೆ. ಅವನು ಮನೆ ಬಾಗಿಲಿಗೆ ಬಂದು 1,500 ಅಂದ ಅಂದರೆ ಒಳಗೆ ಅದಕ್ಕಿಂತ ಜಾಸ್ತಿ ಬೆಳ್ಳಿ ಕಂಡಿರಬೇಕು.

ಕೊಪ್ಪಳದವರು:
ಕೈಮಗ್ಗ ಅಂದರೆ ದುಬಾರಿ, ಪವರ್‌ಲೂಮ್ ಅಂದರೆ ಅಗ್ಗ ಅನ್ನೋ ಹಾಗೆ ಮಾತು ಹೋಗ್ತಿದೆ. ಕೆಎಸ್‌ಐಸಿ ಮೈಸೂರು ಸಿಲ್ಕ್ ನೇಯೋದು ಪವರ್‌ಲೂಮ್‌ನಲ್ಲೇ. ದರ ಇಳಕಲ್‌ಗಿಂತ ಎಷ್ಟೋ ಮೇಲೆ. ಯಾಕಂದ್ರೆ ನೂಲು ಪೂರ್ತಿ ರೇಷ್ಮೆ, ಜರಿಯಲ್ಲಿ ನೂರಕ್ಕೆ 65 ಬೆಳ್ಳಿ, 0.65 ಚಿನ್ನ ಅಂತ ಅವರೇ ಹೇಳುತ್ತಾರೆ. ಅಲ್ಲಿ ದುಡ್ಡು ಮಾಲಿಗೆ ಹೋಗುತ್ತದೆ. ಇಳಕಲ್‌ನಲ್ಲಿ ಕೈಕೆಲಸಕ್ಕೂ ಹೋಗುತ್ತದೆ. ಇನ್ನು ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೈಮಗ್ಗ ಅಂದುಕೊಳ್ಳಬೇಡಿ. ಅದು ರೇಷ್ಮೆ ಅಂತಷ್ಟೇ ಹೇಳುತ್ತದೆ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ.

ಕುಷ್ಟಗಿಯವರು:
ಮಾರ್ಕ್ ಮಾತು ಸರಿ. ಆದರೆ ಎಷ್ಟೋ ಮನೆಗಳಲ್ಲಿ ನೇಯ್ದ ಸೀರೆಗೆ ಯಾವ ಚೀಟಿನೂ ಇರಲ್ಲ. ಚೀಟಿ ಇಲ್ಲ ಅಂತ ಬಿಟ್ಟು ಬರಬೇಡಿ. ಬಳ್ಳಾರಿ ಅಣ್ಣಾರ ಲೆಕ್ಕದಲ್ಲಿ ನನಗೆ ಒಂದು ತಕರಾರಿದೆ. ಕೂಲಿ ಮೂರು ನಾಲ್ಕು ದಿನದ್ದು ಅಂದರು. ಮನೆಯ ಹೆಣ್ಣುಮಕ್ಕಳು ನೂಲು ಸುತ್ತಿ, ಕೊಂಡಿ ಹಾಕೋಕೆ ಕೂತ ದಿನ ಯಾರ ಲೆಕ್ಕದಲ್ಲೂ ಬರಲ್ಲ.

ಬಳ್ಳಾರಿಯವರು:
ಅದು ಹೌದು. ಆದರೆ ಅದನ್ನೂ ಸೇರಿಸಿ ದರ ಹೇಳಿದರೆ ಗಿರಾಕಿ 850ರದ್ದೇ ತಗೊಂಡು ಹೋಗ್ತಾನೆ. ದಿನಾ ನೋಡ್ತೀನಿ.

ಕೇಳಿದವರು:
ಇವತ್ತು ಮತ್ತೆ ಹೋಗಿದ್ದೆ. 2,400ರದ್ದರಲ್ಲಿ ಗೆರೆ ಇಲ್ಲ, ಸೆರಗು ತಿರುಗಿಸಿದರೆ ಹಸಿರು ಎಳೆ ಕಾಣ್ತು. 5,800ರದ್ದರಲ್ಲಿ ಕೊಂಡಿ ಇದೆ, ಬೆರಳಿಗೂ ಸಿಕ್ಕಿತು. ಎಳೆ ಸುಡೋಕೆ ಬಿಡಲಿಲ್ಲ. ತೂಕ ಹಾಕಿಸಿದೆ, 410 ಗ್ರಾಂ. ಬಿಲ್‌ನಲ್ಲಿ ಮಾತ್ರ ಬರೀ "ಇಳಕಲ್ ಸೀರೆ" ಅಂತ ಬರೆಯುತ್ತಾರಂತೆ.

ಕುಷ್ಟಗಿಯವರು:
"ಒಡಲು, ಸೆರಗು ಎರಡೂ ಶುದ್ಧ ರೇಷ್ಮೆ, ಕೈಮಗ್ಗ" ಅಂತ ಬಿಲ್‌ನಲ್ಲಿ ಬರೆಸಿ. ಬರೆಯಲ್ಲ ಅಂದರೆ ಒಡಲು ಚಮಕಾ ಇರಬಹುದು, ಕೊಂಡಿ ಇದ್ದರೂ. ಆಗ 5,800 ಕೊಡಬೇಡಿ.